ಬಲಗಡೆಯ ಕೆಳಮೂಲೆ

ಸ್ಟುಡಿಯೋದಲ್ಲಿ ಅವಳಿಗೆ ತೇಪೆ ಅಂತ ಹೆಸರು. ಇಟ್ಟವನು ಬೇರೆ ಯಾರೂ ಅಲ್ಲ, ಸ್ವಂತ ಸೋದರಮಾವ, ಸ್ಟುಡಿಯೋದ ಮಾಲೀಕ. ಮದುಮಗನ ಮೂಗಿನ ಮೇಲಿನ ಮೊಡವೆ, ಮದುಮಗಳ ಹಿಂದೆ ಎದ್ದು ನಿಂತ ವಿದ್ಯುತ್ ಕಂಬ, ಗುಂಪಿನ ಫೋಟೋದಲ್ಲಿ ಕರೆಯದೆ ಬಂದು ನಿಂತ ನಾದಿನಿಯ ಗೆಳತಿ, ಯಾವುದು ಬೇಡವೋ ಅದನ್ನು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ತೆಗೆದು, ಆ ಜಾಗಕ್ಕೆ ಪಕ್ಕದ ಗೋಡೆಯನ್ನೋ ಆಕಾಶವನ್ನೋ ತಂದು ಹಚ್ಚುವುದು ಅವಳ ಕೆಲಸ. ಗಿರಾಕಿ ಮುಂದಿನ ಕೋಣೆಗೆ ಬಂದು "ಇದೊಂದು ತೆಗೀಬೇಕಿತ್ತಲ್ಲ" ಅಂದರೆ ಮಾವ ಹಿಂದಿನ ಕೋಣೆಯ ಕಡೆ ಕತ್ತು ತಿರುಗಿಸಿ "ತೇಪೇ" ಅಂತ ಕೂಗುತ್ತಿದ್ದ. ಹದಿನಾಲ್ಕು ವರ್ಷ ಹೀಗೆ ಕೂಗಿಸಿಕೊಂಡವಳಿಗೆ ಕೊನೆಕೊನೆಗೆ ಮನೆಯಲ್ಲಿ ಯಾರಾದರೂ ಸ್ವಂತ ಹೆಸರು ಹಿಡಿದು ಕರೆದರೆ ತಿರುಗಿ ನೋಡಲು ಒಂದು ಗಳಿಗೆ ಬೇಕಾಗುತ್ತಿತ್ತು.

ಮಾವ ಕೆಟ್ಟವನೇನಲ್ಲ, ಅದೇ ಕಷ್ಟ. ಕೆಟ್ಟವನಾಗಿದ್ದರೆ ಒಂದು ದಿನ ಜಗಳವಾಡಿ ಬಾಗಿಲು ಬಡಿದು ಬರಬಹುದಿತ್ತು. ಮೌಸ್ ಹಿಡಿಯಲು ಬಾರದ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೆಲಸ ಕಲಿಸಿದವನು ಅವನೇ. ಅವನ ಮೊದಲನೆಯ ಪಾಠ ಅವಳಿಗೆ ಇವತ್ತಿಗೂ ಬಾಯಿಪಾಠ.

"ನೋಡು, ಫೋಟೋದಲ್ಲಿ ಫೋಟೋ ತೆಗ್ದೋನು ಕಾಣ್ಬಾರ್ದು. ಕನ್ನಡಕದಲ್ಲಿ ಕಂಡ್ರೂ ತೆಗಿ, ಕಾರಿನ ಬಾಗಿಲಲ್ಲಿ ಕಂಡ್ರೂ ತೆಗಿ, ನೆರಳು ಬಿದ್ದಿದ್ರೆ ಕೇಳ್ಲೇಬೇಡ, ಮೊದ್ಲು ತೆಗಿ. ನಾವು ಅಲ್ಲಿ ಇರ್ಲೇ ಇಲ್ಲ ಅನ್ಬೇಕು ನೋಡಿದೋರು."

ಇರಲೇ ಇಲ್ಲ ಅನ್ನಿಸಿಕೊಳ್ಳುವುದನ್ನು ಅವಳು ಚೆನ್ನಾಗಿಯೇ ಕಲಿತಳು. ಮಾವ ಮಾತ್ರ ತನ್ನ ಪಾಠವನ್ನು ತನಗೆ ಹಚ್ಚಿಕೊಂಡವನಲ್ಲ. ಸ್ಟುಡಿಯೋದಿಂದ ಹೊರಗೆ ಹೋಗುವ ಪ್ರತಿ ಚಿತ್ರದ ಬಲಗಡೆಯ ಕೆಳಮೂಲೆಯಲ್ಲಿ ಬಿಳಿ ಅಕ್ಷರದಲ್ಲಿ, ಹಿಂದಿನದು ಅಷ್ಟಿಷ್ಟು ಕಾಣುವ ಹಾಗೆ ತೆಳ್ಳಗೆ, ಸ್ಟುಡಿಯೋದ ಹೆಸರು ಕೂರುತ್ತಿತ್ತು. ಅದನ್ನು ಕೈಯಿಂದ ಹಾಕಬೇಕಾಗಿಯೂ ಇರಲಿಲ್ಲ. ಕ್ಯಾಮೆರಾದಿಂದ ಕಂಪ್ಯೂಟರಿಗೆ ಇಳಿಸಿದ ಚಿತ್ರಗಳನ್ನು ಒಟ್ಟಿಗೆ ಒಂದು ಗುಂಡಿ ಒತ್ತಿ ಹೊರಗೆ ಹಾಕಿದರೆ ಸಾಕು, ಇನ್ನೂರಿರಲಿ ಇನ್ನೂರರ ಮೂಲೆಗೂ ಹೆಸರು ಬಂದು ಕೂರುತ್ತಿತ್ತು.

ಆ ಒಂದು ಫೋಟೋದ ಮೂಲೆಯಲ್ಲೂ ಹಾಗೇ ಬಂದು ಕೂತದ್ದು.

ಅದು ಅವಳ ಅಮ್ಮನ ಫೋಟೋ. ಎಂಟು ವರ್ಷದ ಹಿಂದಿನ ಮಾತು. ಹಿಂದಿನ ದಿನ ಹೊರಗಡೆ ಕೆಲಸವಿದ್ದು ಸ್ಟುಡಿಯೋದ ಕ್ಯಾಮೆರಾ ಅವಳ ಮನೆಯಲ್ಲೇ ಉಳಿದಿತ್ತು. ಬೆಳಿಗ್ಗೆ ಅಮ್ಮ ಹಿತ್ತಲಿನಲ್ಲಿ ಸುಣ್ಣ ಎದ್ದ ಗೋಡೆಗೆ ಬೆನ್ನು ಕೊಟ್ಟು ಮೋಡಾ ಅನ್ನುವ ಬೆತ್ತದ ಪೀಠದ ಮೇಲೆ ಕೂತು ತಲೆ ಒಣಗಿಸಿಕೊಳ್ಳುತ್ತಿದ್ದಳು. ಎಳೆಬಿಸಿಲು ಓರೆಯಾಗಿ ಗೋಡೆಗೆ ಬೀಳುತ್ತಿತ್ತು. ಇವಳು ಕ್ಯಾಮೆರಾ ತಂದು ಎದುರಿಗೆ ಕುಕ್ಕರಗಾಲಲ್ಲಿ ಕೂತು ಕಣ್ಣಿಗೆ ಹಿಡಿದಳು. ಒಳಗೆಲ್ಲ ಕತ್ತಲು.

"ಅಮ್ಮಾ, ಏನೂ ಕಾಣ್ತಿಲ್ಲ. ಕ್ಯಾಮೆರಾ ಕೆಟ್ಟು ಹೋಯ್ತು. ಮಾವ ಇನ್ನು ನನ್ನ ಬಿಡಲ್ಲ."

ಅಮ್ಮ ಒದ್ದೆ ಕೂದಲಿನಿಂದ ಕೈ ಬಿಡಿಸಿಕೊಂಡು, ಬೆರಳು ತೋರಿಸಿ, "ಮುಚ್ಚಳ ತೆಗಿಯೇ ಮೊದ್ಲು, ಹುಚ್ಚಿ" ಅಂದಳು. ಅಂದವಳೇ ನಗಲು ಶುರು ಮಾಡಿದಳು. ಜೀವನವಿಡೀ ಸೆರಗು ಬಾಯಿಗಿಟ್ಟು ನಕ್ಕವಳು ಅವತ್ತು ಕೈಯೆರಡೂ ಬೇರೆ ಕೆಲಸದಲ್ಲಿದ್ದುದರಿಂದ ಬಾಯಿ ತುಂಬ ನಕ್ಕಳು, ಒಂದು ಹಲ್ಲು ಇಲ್ಲದ್ದೂ ಕಾಣುವ ಹಾಗೆ. ಇವಳು ಮುಚ್ಚಳ ಕಿತ್ತು ಒತ್ತಿದಳು. ಒಂದೇ ಒಂದು ಸಲ. ಎರಡನೆಯ ಸಲಕ್ಕೆ ಅಮ್ಮ ಎದ್ದು ಒಳಗೆ ಹೋಗಿಯಾಗಿತ್ತು.

ಮಾವನಿಗೆ ಆ ಚಿತ್ರ ಕಂಡ ದಿನವೇ ಅದು ದೊಡ್ಡದಾಗಿ ಅಚ್ಚಾಗಿ ಮುಂದಿನ ಕೋಣೆಯ ಗೋಡೆ ಏರಿತು. ಬಂದವರೆಲ್ಲ ಅದರ ಮುಂದೆ ನಿಲ್ಲುತ್ತಿದ್ದರು. ಹಿಂದಿನ ಕೋಣೆಯಲ್ಲಿ ಯಾರದೋ ಮೊಡವೆ ತೆಗೆಯುತ್ತ ಕೂತವಳಿಗೆ ಮಾವನ ದನಿ ಸ್ಪಷ್ಟವಾಗಿ ಕೇಳುತ್ತಿತ್ತು.

"ನಮ್ಮಕ್ಕ. ನನ್ನ ಎತ್ತಿ ಆಡಿಸ್ದೋಳು. ಬೇರೆ ಯಾರ ಮುಂದೂ ಹಾಗೆ ನಗಲ್ಲ. ನನ್ನ ಕಂಡ್ರೆ ಮಾತ್ರ."

ಮೊದಲ ಸಲ ಕೇಳಿದಾಗ ಬಾಯ್ತಪ್ಪಿ ಅಂದಿರಬೇಕು ಅಂದುಕೊಂಡಳು. ಹತ್ತನೆಯ ಸಲಕ್ಕೆ ಮಾವ ತಾನೇ ಅದನ್ನು ನಂಬಿಬಿಟ್ಟಿದ್ದ. ಅಮ್ಮನಿಗೆ ಹೇಳಿದರೆ ಅಮ್ಮ ಹುಳಿ ಹಿಂಡಿದ ಹಾಗೆ ಮುಖ ಮಾಡಿ, "ಹೋಗ್ಲಿ ಬಿಡೇ. ನಿಮ್ಮ ಮಾವ ತಾನೆ. ಚಿಕ್ಕಂದಿನಿಂದ್ಲೂ ಹಾಗೇ ಅವ್ನು, ನನ್ನ ತಟ್ಟೇದೂ ನಂದೇ ಅಂತಿದ್ದ" ಅಂದಳು. ಮಗಳಿಗಿಂತ ತಮ್ಮ ಹೆಚ್ಚು ಅಂತಲ್ಲ. ತಮ್ಮನಿಗೆ ಇಲ್ಲ ಅನ್ನುವುದು ಅವಳಿಗೆ ಬರುತ್ತಿರಲಿಲ್ಲ, ಅಷ್ಟೇ. ಮಗಳು ಮಾತ್ರ ಇಲ್ಲ ಅನ್ನಿಸಿಕೊಳ್ಳಲು ಯಾವಾಗಲೂ ಸಿದ್ಧವಾಗಿರಬೇಕು, ಎಷ್ಟೋ ಮನೆಗಳ ಹಾಗೆ.

ಒಂದು ದಿನ ಅವಳು ಮೂಲ ಫೈಲು ಕೇಳಿದಳು. "ಡಿಸ್ಕ್ ತುಂಬಿತ್ತು, ಹಳೇದೆಲ್ಲ ತೆಗೆದ್ಹಾಕ್ದೆ, ಹೆಸರು ಹಾಕಿದ್ದು ಇದ್ಯಲ್ಲ, ಸಾಲ್ದಾ?" ಅಂದ ಮಾವ. ಹೆಸರು ಹಾಕಿದ್ದನ್ನೇ ಪೂರಾ ಅಳತೆಯಲ್ಲಿ ಪೆನ್‌ಡ್ರೈವಿಗೆ ಹಾಕಿಕೊಂಡು, ತಿಂಗಳೊಪ್ಪತ್ತಿನಲ್ಲಿ ಕೆಲಸವನ್ನೂ ಬಿಟ್ಟಳು. ಮನೆಯ ಸಣ್ಣ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಬೇರೆ ಬೇರೆ ಸ್ಟುಡಿಯೋಗಳ ತೇಪೆ ಹಚ್ಚತೊಡಗಿದಳು. ಜೊತೆಗೆ ಒಂದು ಹಳೆಯ ಕ್ಯಾಮೆರಾ ಕೊಂಡು ತನ್ನ ಪಾಡಿಗೆ ಫೋಟೋ ತೆಗೆಯತೊಡಗಿದಳು. ಎರಡು ವರ್ಷದ ಹಿಂದೆ ಅಮ್ಮ ತೀರಿಹೋದಳು. ಅವಳು ಸರಿಯಾಗಿ ನಕ್ಕದ್ದಕ್ಕೆ ಭೂಮಿಯ ಮೇಲೆ ಉಳಿದ ಗುರುತು ಆ ಒಂದು ಚಿತ್ರ, ಅದರ ಮೂಲೆಯಲ್ಲಿ ಮಾವನ ಸ್ಟುಡಿಯೋದ ಹೆಸರು.

ಈ ವರ್ಷ ಛಾಯಾಗ್ರಾಹಕರ ಸಂಘದವರು ಪ್ರದರ್ಶನಕ್ಕೆ ಚಿತ್ರ ಕರೆದಾಗ ಅವಳಿಗೆ ಎರಡನೆಯ ಯೋಚನೆ ಬರಲಿಲ್ಲ. ನಿಯಮದ ಹಾಳೆಯನ್ನು ಎರಡು ಸಲ ಓದಿದಳು. ಧೂಳು, ಗೀರು, ಮೇಲೆ ಒತ್ತಿದ ಮುದ್ರೆ ಅಥವಾ ಹೆಸರು ಇದ್ದರೆ ತೆಗೆಯಬಹುದು. ದೃಶ್ಯದಲ್ಲಿ ಇದ್ದದ್ದನ್ನು ತೆಗೆಯುವುದಾಗಲಿ ಇಲ್ಲದ್ದನ್ನು ಸೇರಿಸುವುದಾಗಲಿ ಕೂಡದು. ಕೆಳಗೆ ಸಹಿ ಮಾಡಿದಳು. ಗಂಡ ಔಷಧಿ ಅಂಗಡಿಗೆ ಹೊರಟು ನಿಂತವನು ಹಾಳೆಯ ಮೇಲೆ ಕಣ್ಣಾಡಿಸಿ, "ನಿಮ್ಮ ಮಾವ ಸಂಘದ ಉಪಾಧ್ಯಕ್ಷ ಅಲ್ವೇನೇ? ಸುಮ್ನೆ ಹೋಗೋ ಮಾರಿನ ಮನೆಗೆ ಕರೀತಿದ್ದೀಯ" ಅಂದ.

"ಬರ್ಲಿ. ಕೂರಿಸಿ ಮಾತಾಡ್ಸ್ತೀನಿ."

ಬಾಗಿಲು ಹಾಕಿಕೊಂಡು ಕೆಲಸಕ್ಕೆ ಕೂತಳು. ಚಿತ್ರವನ್ನು ಎರಡರಷ್ಟು ಹಿಗ್ಗಿಸಿ ಕೆಳಮೂಲೆಗೆ ಹೋದಳು. ಚಿತ್ರದ ಮೇಲೆ ಒಂದು ಖಾಲಿ ಪದರ ತೆರೆದಳು, ಏನು ಹಚ್ಚಿದರೂ ಅದರ ಮೇಲೆ ಬೀಳಬೇಕು, ಕೆಳಗಿನ ಚಿತ್ರಕ್ಕೆ ಕೈ ತಾಗಬಾರದು. ಹೆಸರು ಹೆಬ್ಬೆರಳಗಲ ಇತ್ತು, ಅಷ್ಟೇ. ಆದರೆ ಕೂತ ಜಾಗ ನೋಡಿದಳು, ಅಲ್ಲೇ ಕೈ ನಿಂತಿತು. ಅಕ್ಷರಗಳ ಹಿಂದೆ ಗೋಡೆ ಒಂದೇ ಸಮ ಇರಲಿಲ್ಲ. ಒಂದು ಕಪ್ಪು ಆಕಾರ ಅಕ್ಷರಗಳ ಸಂದಿಯಿಂದ, ಮೇಲಿನಿಂದ ಒಂದಿಷ್ಟು, ಹೊರಗೆ ಇಣುಕುತ್ತಿತ್ತು. ದುಂಡನೆಯ ತಲೆ, ಅದರ ಹಿಂದೆ ತುರುಬಿನ ಗಂಟು, ಪಕ್ಕಕ್ಕೆ ಚಾಚಿದ ಮೊಣಕೈ.

ತಾನೇ! ಬಿಸಿಲು ಎಡಬೆನ್ನಿನ ಕಡೆಯಿಂದ ಬರುತ್ತಿತ್ತಲ್ಲ, ಕುಕ್ಕರಗಾಲಲ್ಲಿ ಕೂತವಳ ನೆರಳು ಸರಿಯಾಗಿ ಬಲಮೂಲೆಗೆ ಹೋಗಿ ಬಿದ್ದಿತ್ತು. ಎಂಟು ವರ್ಷ ಸ್ಟುಡಿಯೋದ ಹೆಸರು ಅದರ ಮೇಲೆ ಕೂತಿದ್ದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ, ಅವಳ ಕಣ್ಣಿಗೂ.

"ಥೂ, ಇಷ್ಟು ದೊಡ್ಡ ತುರುಬು ಇಟ್ಕೊಂಡು ಫೋಟೋ ತೆಗಿಯಕ್ಕೆ ಕೂತಿದ್ನಾ" ಅಂತ ಅವಳು ಒಬ್ಬಳೇ ನಕ್ಕಳು.

ನಕ್ಕದ್ದು ಸರಿ. ಆಮೇಲೆ ಮಾಡಿದ್ದು ನೋಡಿ. ಎಂಥ ಕೆಲಸಗಾರ್ತಿಯಾದರೂ ಕೈಗೆ ಒಂದು ಅಭ್ಯಾಸ ಇರುತ್ತದೆ, ಅದು ತಲೆಯ ಅಪ್ಪಣೆ ಕೇಳುವುದಿಲ್ಲ. ನೆರಳನ್ನು ಉಳಿಸಿಕೊಂಡು ಅಕ್ಷರ ಮಾತ್ರ ತೆಗೆಯಬೇಕು ಅಂದರೆ, ನೆರಳಿನೊಳಗಿನ ಅಕ್ಷರಕ್ಕೆ ನೆರಳಿನ ಗೋಡೆಯನ್ನೇ ತಂದು ಹಚ್ಚಬೇಕು, ಬಿಸಿಲಿನೊಳಗಿನ ಅಕ್ಷರಕ್ಕೆ ಬಿಸಿಲಿನ ಗೋಡೆ, ನಡುವಿನ ಅಂಚನ್ನು ಕೂದಲೆಳೆ ತಪ್ಪದೆ ಕೂಡಿಸಬೇಕು. ಸಾಲದ್ದಕ್ಕೆ ಹೊರಗೆ ಉಳಿದ ನೆರಳು ಎರಡು ಬೆರಳಗಲ, ಅಷ್ಟರಲ್ಲೇ ಎರವಲು ಪಡೆದರೆ ಒಂದೇ ಕಲೆ ಮೂರು ಸಲ ಬಂದು ನೋಡಿದವರಿಗೆ ಗೊತ್ತಾಗಿಬಿಡುತ್ತದೆ. ನೆರಳನ್ನೂ ತೆಗೆದುಬಿಟ್ಟರೆ ಎಲ್ಲಾ ಒಂದೇ ಬಿಸಿಲಿನ ಗೋಡೆ, ಸಲೀಸು. ಮೇಲಾಗಿ ಮೊದಲನೆಯ ಪಾಠ ಇದ್ದೇ ಇತ್ತು. ನೆರಳು ಬಿದ್ದಿದ್ದರೆ ಕೇಳಲೇಬೇಡ, ಮೊದಲು ತೆಗಿ. ಸಹಿ ಮಾಡಿದ ಹಾಳೆ ಮೇಜಿನ ಮೇಲೆ, ಮೌಸಿನ ಪಕ್ಕದಲ್ಲೇ ಬಿದ್ದಿತ್ತು. ಅದರ ಮೇಲೆ ಟೀ ಲೋಟ ಇಟ್ಟುಕೊಂಡಿದ್ದಳು.

ಕೆಲಸ ಮಾತ್ರ ಅಪ್ಪಟ. ಗೋಡೆಯ ಬೆಳಕು ಎಡದಿಂದ ಬಲಕ್ಕೆ ಸ್ವಲ್ಪ ಸ್ವಲ್ಪವೇ ಇಳಿಯುತ್ತಿತ್ತು. ಹಾಗಾಗಿ ಪಕ್ಕದಿಂದ ತಂದರೆ ಬಣ್ಣ ಕೂಡುವುದಿಲ್ಲ, ನೇರ ಮೇಲಿನಿಂದ, ಅಷ್ಟೇ ಬೆಳಕಿರುವ ಕಡೆಯಿಂದ ತರಬೇಕು. ಕುಂಚದ ಅಂಚನ್ನು ತೀರ ಮೆತ್ತಗೆ ಮಾಡಿಕೊಳ್ಳಲಿಲ್ಲ. ಹೊಸಬರು ಅಲ್ಲೇ ಎಡವುವುದು, ಮೆತ್ತಗಿದ್ದರೆ ಕಾಣುವುದಿಲ್ಲ ಅಂದುಕೊಳ್ಳುತ್ತಾರೆ. ಮೆತ್ತನೆಯ ಅಂಚಿನ ಮೇಲೆ ಮೆತ್ತನೆಯ ಅಂಚು ಬಿದ್ದು ಗೋಡೆಯ ತರಿ ಕರಗಿ, ಒರೆಸಿದ ಹಾಗೆ ಮಸುಕಾಗುತ್ತದೆ. ತಾನಾಗಿ ಬಣ್ಣ ಬೆರೆಸಿಕೊಳ್ಳುವ ಸಲಕರಣೆಯನ್ನು ಬಯಲು ಗೋಡೆಗೆ ಮಾತ್ರ ಬಳಸಿದಳು. ಮೋಡಾದ ಕಾಲಿನ ಹತ್ತಿರ ಅದನ್ನು ಬಿಟ್ಟರೆ ಬೆತ್ತದ ಕಪ್ಪನ್ನು ಗೋಡೆಗೆ ಎಳೆದುಕೊಂಡು ಬಳಿಯುತ್ತದೆ, ಅಲ್ಲಿ ಇದ್ದದ್ದನ್ನು ಇದ್ದ ಹಾಗೇ ಎತ್ತಿ ಕೂರಿಸುವ ಹಳೆಯ ಸಲಕರಣೆಯೇ ಸರಿ. ನಾಲ್ಕು ಗೀಟಿಗೊಮ್ಮೆ ಎರವಲಿನ ಜಾಗ ಬದಲಿಸಿದಳು. ಅಕ್ಷರಗಳ ಸುತ್ತ, ಫೈಲನ್ನು ಹಿಂಡಿ ಉಳಿಸಿದಾಗ ಏಳುವ ಪುಡಿಪುಡಿ ಕಲೆ ಇತ್ತು, ಅದಕ್ಕಾಗಿ ಅಕ್ಷರಕ್ಕಿಂತ ಒಂದೆಳೆ ಅಗಲವಾಗಿಯೇ ಹಚ್ಚಿದಳು. ಹೆಸರಿನ ಕೆಳಗೆ ಹಾದುಹೋದ ಒಂದು ಸಣ್ಣ ಬಿರುಕನ್ನು ಈ ಕಡೆಯಿಂದ ಹಿಡಿದು ಆ ಕಡೆಗೆ ಕೂಡಿಸಿದಳು. ಕೊನೆಗೆ ಚಿತ್ರವನ್ನು ತಲೆಕೆಳಗು ಮಾಡಿ, ಕಪ್ಪುಬಿಳುಪಿನ ಅಂತರವನ್ನು ಬೇಕೆಂದೇ ಏರಿಸಿ, ತೇಪೆ ಎಲ್ಲಾದರೂ ಎದ್ದು ಕಾಣುತ್ತದೆಯೇ ಅಂತ ಹುಡುಕಿದಳು. ಎಲ್ಲೂ ಇಲ್ಲ. ಗೋಡೆ, ಬಿಸಿಲು, ಅಮ್ಮ. ಅವಳಿಗೆ ಅಳು ಬಂತು, ಸಂತೋಷಕ್ಕೆ.

ತೂಗುಹಾಕುವ ದಿನ ಸಭಾಂಗಣದಲ್ಲಿ ಮಾವ ಆ ಚಿತ್ರದ ಮುಂದೆ ಬಂದು ನಿಂತ. ಕೆಳಗಿನ ಚೀಟಿಯಲ್ಲಿ ಅವಳ ಹೆಸರು. ಕನ್ನಡಕ ತೆಗೆದು, ಹಾಕಿ, ಮತ್ತೆ ಬಲಗಡೆಯ ಕೆಳಮೂಲೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದ. ಅವನಂಥ ಹಳೇ ಹುಲಿಗೂ ಏನೂ ಸಿಗಲಿಲ್ಲ. ಆ ಒಂದು ಗಳಿಗೆ ಅವನ ಮುಖದಲ್ಲಿ ಗುರುವಿನ ಹೆಮ್ಮೆ ಹಾದು ಹೋದದ್ದನ್ನು ಅವಳು ನೋಡಿದಳು. ಆಮೇಲೆ ಅವನು ಸಂಘದ ಅಧ್ಯಕ್ಷರ ಹತ್ತಿರ ಹೋದ.

ಮಧ್ಯಾಹ್ನ ಊಟವಾದ ಮೇಲೆ ಸಭಾಂಗಣದಲ್ಲೇ ನಾಲ್ಕು ಕುರ್ಚಿ ಹಾಕಿಸಿದರು. ಅಧ್ಯಕ್ಷರು ಮೊದಲು ಪತ್ರಿಕೆಯಲ್ಲಿದ್ದವರು, ಮಾತು ಕಡಿಮೆ, ಕಿವಿ ಚುರುಕು. ಕಾರ್ಯದರ್ಶಿ ಚೌಕಟ್ಟು ಹಾಕುವ ಅಂಗಡಿಯವರು, ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ನಿಸ್ಸೀಮರು.

"ಕ್ಯಾಮೆರಾ ನಂದು, ಸ್ಟುಡಿಯೋ ನಂದು, ಫೋಟೋದಲ್ಲಿರೋಳು ನನ್ನ ಒಡಹುಟ್ಟಿದ ಅಕ್ಕ" ಅಂದ ಮಾವ, ತನ್ನ ಫೋನಿನಲ್ಲಿ ಹೆಸರಿರುವ ಪ್ರತಿ ತೋರಿಸುತ್ತ. "ಇನ್ನೇನು ಬೇಕು? ಹೆಸರಿದ್ದಿದ್ದನ್ನ ತೆಗ್ದು ತಂದಿದ್ದಾಳೆ. ಕದ್ದಿಲ್ದೋರು ಹೆಸರು ಯಾಕೆ ಒರೆಸ್ತಾರೆ?"

"ಅಮ್ಮ ನಕ್ಕಿದ್ದು ನನ್ನ ನೋಡಿ, ಮಾವ."

"ನನ್ನ ನೋಡಿ ನಕ್ಕಿದ್ದಮ್ಮ. ನಾನೇನೋ ತಮಾಷೆ ಮಾಡಿದ್ದೆ."

"ಏನು ತಮಾಷೆ?"

"ಎಂಟು ವರ್ಷ ಆಯ್ತು. ನೆನಪಿರುತ್ತಾ?"

"ಹಿತ್ತಲಿಗೆ ನೀವು ಅವತ್ತು ಬಂದಿರ್ಲೇ ಇಲ್ಲ."

"ಬಂದಿದ್ದೆ. ನೀನೂ ಇದ್ದೆ, ಪಕ್ಕದಲ್ಲಿ ನಿಂತಿದ್ದೆ."

ಅಧ್ಯಕ್ಷರು ಅವಳ ಕಡೆ ತಿರುಗಿದರು. "ನಿಮ್ಮ ಮಾತಿಗೆ ಏನಾದ್ರೂ ಆಧಾರ ಇದ್ಯೇನಮ್ಮ? ಮೂಲ ಫೈಲು?"

ಅವಳು ಲ್ಯಾಪ್‌ಟಾಪ್ ತಂದಿದ್ದಳು. ತಂದದ್ದು ಅಕ್ಷರ ತೆಗೆದದ್ದು ತಾನೇ ಅಂತ ತೋರಿಸಲು, ಮುಚ್ಚುಮರೆ ಏನಿಲ್ಲ ಅನ್ನಲು. ಈಗ ಫೈಲು ತೆರೆದು ಕೂತಾಗ ಅವಳಿಗೆ ಹೊಳೆಯಿತು. ಆಧಾರ ಇದ್ದೇ ಇತ್ತು! ತೇಪೆಯ ಪದರದ ಕೆಳಗೆ, ಸ್ಟುಡಿಯೋದ ಹೆಸರಿನ ಕೆಳಗೆ, ಎಂಟು ವರ್ಷದಿಂದ ಕುಕ್ಕರಗಾಲಲ್ಲಿ ಕಾಯುತ್ತ ಕೂತಿತ್ತು. ಹಿಂದೆ ಮುಂದೆ ನೋಡದೆ ಪದರದ ಪಕ್ಕದ ಕಣ್ಣಿನ ಗುರುತಿನ ಮೇಲೆ ಒತ್ತಿದಳು. ತೇಪೆ ಮಾಯವಾಗಿ ಬಿಳಿ ಅಕ್ಷರಗಳು ಎದ್ದವು, ಅವುಗಳ ಹಿಂದೆ ತಲೆ, ತುರುಬು, ಮೊಣಕೈ.

"ನೋಡಿ. ಇದು ನನ್ನ ನೆರಳು. ಕ್ಯಾಮೆರಾ ಹಿಡ್ಕೊಂಡಿರೋ ಕೈ ನೋಡಿ. ಮಾವನಿಗೆ ತುರುಬಿಲ್ವಲ್ಲ."

ಕಾರ್ಯದರ್ಶಿ ನಕ್ಕುಬಿಟ್ಟರು. ಮಾವನ ತಲೆಯ ಮೇಲೆ ಕೂದಲು ಅನ್ನುವುದೇ ಇಲ್ಲದೆ ಹತ್ತು ವರ್ಷ ಆಗಿತ್ತು. ಮಾವ ಕುಂಬಳಕಾಯಿ ಕಳ್ಳ ಅಂದವರ ಎದುರು ಹೆಗಲು ಮುಟ್ಟಿಕೊಂಡವನ ಹಾಗೆ ಬೋಳುತಲೆ ಸವರಿಕೊಂಡ.

"ಪಕ್ಕದಲ್ಲಿ ನಿಂತಿದ್ಲು ಅಂದೆನಲ್ಲ. ಬೆಳಕು ಮುಖಕ್ಕೆ ತಿರುಗ್ಲಿ ಅಂತ ಬಿಳೀ ಹಾಳೆ ಹಿಡ್ಕೊಂಡು. ಅದರ ನೆರಳು."

"ಹಾಗಾದ್ರೆ ನಿಮ್ಮ ನೆರಳೆಲ್ಲಿ ಮಾವ?"

ಅಧ್ಯಕ್ಷರು ಪರದೆಯ ಹತ್ತಿರ ಬಗ್ಗಿ, ಅಮ್ಮನ ಚಾಚಿದ ಬೆರಳಿನಿಂದ ಮೂಲೆಯ ನೆರಳಿನವರೆಗೆ ಕಣ್ಣಲ್ಲೇ ಗೆರೆ ಎಳೆದು, ತಲೆ ಆಡಿಸಿದರು. "ಬಿಸಿಲು ಎಡಗಡೆ ಹಿಂದಿನಿಂದ. ಕೂತಿರೋ ಎತ್ತರ. ತೆಗ್ದೋರು ಇವರೇ. ಅದ್ರಲ್ಲಿ ಅನುಮಾನ ಇಲ್ಲ." ಮಾವ ನೆಲ ನೋಡುತ್ತಿದ್ದ.

ಅವಳಿಗೆ ಅಮ್ಮನೇ ಬಂದು ಸಾಕ್ಷಿ ಹೇಳಿದ ಹಾಗಾಯಿತು. ಬದುಕಿದ್ದಾಗ ಹೇಳದ ಸಾಕ್ಷಿ. ಅವಳು ಗೆದ್ದದ್ದು ಬಹುಶಃ ಅರ್ಧ ನಿಮಿಷ.

ಅಧ್ಯಕ್ಷರು ಪರದೆಯಿಂದ ಕಣ್ಣು ತೆಗೆದಿರಲಿಲ್ಲ. "ಇನ್ನೊಂದ್ಸಲ ಆ ಪದರ ಹಾಕಿ ನೋಡೋಣ" ಅಂದರು.

ಒತ್ತಿದಳು. ಅಕ್ಷರ ಹೋಯಿತು. ನೆರಳೂ ಹೋಯಿತು. ಬೋಳು ಗೋಡೆ.

"ತೆಗೀರಿ."

ನೆರಳು ಬಂತು.

"ಹಾಕಿ."

ಮೂರನೆಯ ಸಲಕ್ಕೆ ಅವಳಿಗೆ ಅರ್ಥವಾಯಿತು. ಬೆರಳು ಗುಂಡಿಯ ಮೇಲೆಯೇ ಉಳಿಯಿತು.

"ಎಂಥಾ ಕೆಲ್ಸಾನಮ್ಮ ಇದು" ಅಂದರು ಅಧ್ಯಕ್ಷರು, ಬೇಸರದಿಂದಲೇ. "ನೀವು ತೋರ್ಸದೇ ಇದ್ದಿದ್ರೆ ಯಾರಪ್ಪನಿಗೂ ಗೊತ್ತಾಗ್ತಿರ್ಲಿಲ್ಲ. ಹೆಸರು ತೆಗ್ದಿದ್ದಕ್ಕೆ ನಮ್ಮ ತಕರಾರಿಲ್ಲ, ಅದು ಮೇಲೆ ಒತ್ತಿದ್ದು. ಆದ್ರೆ ನೆರಳು ಅಲ್ಲಿ ಇತ್ತಲ್ಲ. ದೃಶ್ಯದಲ್ಲಿ ಇದ್ದಿದ್ದು. ತೆಗ್ದು ಗೋಡೆ ಹಚ್ಚಿದ್ದೀರಿ."

"ಅದು ನಂದೇ ನೆರಳು ಸಾರ್."

"ಯಾರ ನೆರಳಾದ್ರೂ ನಿಯಮ ಒಂದೇ ಅಲ್ವೇನಮ್ಮ."

"ಸಂಜೆಯೊಳಗೆ ಸರಿಮಾಡಿ ತರ್ತೀನಿ. ನೆರಳು ಉಳ್ಸಿಕೊಂಡು ಬರೀ ಹೆಸರು ತೆಗೀತೀನಿ. ನಂಗೆ ಬರುತ್ತೆ ಸಾರ್ ಆ ಕೆಲಸ."

"ಬರುತ್ತೆ ಅಂತ ಗೊತ್ತು. ಆಯ್ಕೆ ಆದ್ಮೇಲೆ ಚಿತ್ರ ಬದಲಾಯ್ಸಕ್ಕೆ ಒಬ್ರಿಗೆ ಬಿಟ್ರೆ ಎಲ್ರೂ ಕೇಳ್ತಾರೆ. ಇಷ್ಟೊಂದು ಚೆನ್ನಾಗಿ ಮಾಡಿ ತೋರ್ಸಿದ್ದೀರಿ, ಇನ್ಮೇಲೆ ನೀವು ಏನು ತಂದ್ರೂ ನಿಜ ಯಾವ್ದು, ಹಚ್ಚಿದ್ಯಾವ್ದು ಅಂತ ನಾವು ಹೇಗೆ ಹೇಳೋದು?"

ಕಾರ್ಯದರ್ಶಿ ಗಂಟಲು ಸರಿಮಾಡಿಕೊಂಡರು. ಹಾಗೆ ನೋಡಿದರೆ, ಹೀಗೆ ನೋಡಿದರೆ ಅಂತ ಎರಡು ಸುತ್ತು ಹಾಕಿ, ಕೊನೆಗೆ, ಹೆಸರಿರುವ ಪ್ರತಿಯಲ್ಲಿ ದೃಶ್ಯದಲ್ಲಿದ್ದ ಏನನ್ನೂ ಯಾರೂ ತೆಗೆದಿಲ್ಲವಲ್ಲ, ಅದೂ ಇದೇ ಆಯ್ಕೆಯಾದ ಫೋಟೋ ತಾನೆ, ಅದನ್ನೇ ತೂಗುಹಾಕಬಹುದಲ್ಲ ಅಂದರು. ಮಾವ ತಲೆ ಎತ್ತಿದ. ಅಧ್ಯಕ್ಷರು ಅವಳ ಮುಖ ನೋಡಿದರು.

ಅಮ್ಮ ಊರಿನ ಎದುರು ನಗಬೇಕು, ಮೂಲೆಯಲ್ಲಿ ಇವಳ ತಲೆಯ ಮೇಲೆ ಮಾವನ ಸ್ಟುಡಿಯೋದ ಹೆಸರು ಕೂತಿರಬೇಕು. ಅವಳಿಗೆ ಎಲ್ಲಿಲ್ಲದ ಸಿಟ್ಟು ಬಂತು. ಯಾರ ಮೇಲೆ ಅಂತ ತಿಳಿಯಲಿಲ್ಲ. ಮಾವನ ಮೇಲೆ ಅಂದರೆ ಅವನು ಹೆಸರು ಹಾಕಿದ್ದ, ಅಳಿಸಿರಲಿಲ್ಲ. ಅವಳನ್ನು ಆ ಚಿತ್ರದಿಂದ ಅಳಿಸಿದ ಕೈ ಅವಳದೇ. ಅದೂ ಚೂರೂ ಮಸುಕಿಲ್ಲದೆ.

"ಬೇಡ" ಅಂದಳು. ಎದ್ದು ಹೋಗಿ ಚೌಕಟ್ಟನ್ನು ಮೊಳೆಯಿಂದ ತಾನೇ ಇಳಿಸಿಕೊಂಡಳು.

ಬಾಗಿಲ ಹತ್ತಿರ ಮಾವ ಅಡ್ಡ ಬಂದ. ದನಿ ತಗ್ಗಿಸಿ, "ನಂಗೆ ನಿಜ್ವಾಗ್ಲೂ ನಾನೇ ತೆಗ್ದಿದ್ದು ಅಂತ್ಲೇ ಅನ್ನಿಸ್ತಿತ್ತು ಕಣೇ" ಅಂದ. ಸುಳ್ಳಲ್ಲ ಅಂತ ಅವಳಿಗೂ ಗೊತ್ತಿತ್ತು. ಅದರಿಂದ ಅವಳ ಹೊಟ್ಟೆಯೇನೂ ತಣ್ಣಗಾಗಲಿಲ್ಲ. "ಆದ್ರೆ ಆ ನೆರಳು ಯಾಕೆ ತೆಗೆದೆ? ಅದು ಇದ್ದಿದ್ರೆ ನಾನು ಬಾಯಿ ಬಿಡ್ತಿರ್ಲಿಲ್ಲ."

"ನೀವೇ ಕಲ್ಸಿದ್ದು, ಮಾವ."

ಅವಳು ಚೌಕಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲಿಳಿದಳು.

ಪ್ರದರ್ಶನ ಆರು ದಿನ ನಡೆಯಿತು. ಹೋಗಬಾರದು ಅಂದುಕೊಂಡವಳು ಕೊನೆಯ ದಿನ ಹೋದಳು, ಖಾಲಿ ಮೊಳೆಯನ್ನಾದರೂ ನೋಡಿ ಬರೋಣ ಅಂತ. ಮೊಳೆ ಖಾಲಿ ಇರಲಿಲ್ಲ. ಸ್ಟುಡಿಯೋದ ಮುಂದಿನ ಕೋಣೆಯ ಆ ದೊಡ್ಡ ಪ್ರತಿ ಅಲ್ಲಿ ತೂಗುತ್ತಿತ್ತು, ಎಂಟು ವರ್ಷದ ಧೂಳು ಒರೆಸಿಕೊಂಡು. ಚೀಟಿಯಲ್ಲಿ ಯಾವ ಮನುಷ್ಯರ ಹೆಸರೂ ಇರಲಿಲ್ಲ, ಸ್ಟುಡಿಯೋದ್ದು ಮಾತ್ರ.

ಕಾರ್ಯದರ್ಶಿ ಅವಳನ್ನು ಕಂಡು ಕೈ ಹೊಸಕುತ್ತ ಬಂದರು. "ಸಾಲಿನ ನಡುವೆ ಜಾಗ ಖಾಲಿ ಇದ್ರೆ ಹಲ್ಲು ಬಿದ್ದ ಹಾಗೆ ಕಾಣುತ್ತಲ್ಲಮ್ಮ. ಸ್ಟುಡಿಯೋದೋರು ತಾವಾಗೇ ತಂದ್ರು. ನಿಯಮಕ್ಕೂ ಸರಿ ಇತ್ತು. ತೆಗ್ದೋರ ಹೆಸರು ಬೇಡ ಅಂತ ನಿಮ್ಮ ಮಾವನೇ ಹೇಳಿದ್ರು, ನಿಮಗೆ ಬೇಜಾರಾಗ್ಬಾರ್ದು ಅಂತ."

ಮಾವ ತನ್ನ ಹೆಸರು ಹಾಕಿಸಿಕೊಳ್ಳದೆ ಬಿಟ್ಟದ್ದು ಅವನ ಮಟ್ಟಿಗೆ ದೊಡ್ಡ ತ್ಯಾಗವೇ ಇರಬೇಕು. ಅವಳ ಹೆಸರು ಹಾಕಿಸಬಹುದಿತ್ತು ಅನ್ನುವುದು ಅವನಿಗೆ ಹೊಳೆದೇ ಇರಲಿಕ್ಕಿಲ್ಲ. ಹಾಗೆ ಹೊಳೆಯದವರ ಜೊತೆಗೇ ಅಲ್ಲವೇ ಅವಳೂ ಅವಳ ಅಮ್ಮನೂ ಇಷ್ಟು ವರ್ಷ ಬಾಳಿದ್ದು.

ಪಕ್ಕದಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ಕೈಚೀಲ ಹೆಗಲಿಗೇರಿಸಿಕೊಂಡು ಬಹಳ ಹೊತ್ತು ಅಮ್ಮನನ್ನು ನೋಡಿದಳು. ನೋಡುತ್ತ ನೋಡುತ್ತ ಅವಳ ಮುಖವೂ ನಗತೊಡಗಿತು. ಅಮ್ಮನ ನಗು ಹಾಗೆಯೇ, ಎದುರಿದ್ದವರಿಗೆ ಅಂಟುತ್ತದೆ.

"ಎಷ್ಟು ಚೆಂದ ನಗ್ತಿದ್ದಾರಲ್ವಾ?" ಅಂದಳು ಆ ಹೆಂಗಸು ಇವಳ ಕಡೆ ತಿರುಗಿ. ಆಮೇಲೆ ಬಲಗಡೆಯ ಕೆಳಮೂಲೆಗೆ ಬಗ್ಗಿ, ಕಣ್ಣು ಕಿರಿದು ಮಾಡಿದಳು. "ಇಲ್ಲಿ ಹೆಸರಿನ ಹಿಂದೆ ಏನೋ ಕಪ್ಪಗೆ... ಯಾರದೋ ನೆರಳು ಬಿದ್ದುಬಿಟ್ಟಿದೆ ನೋಡಿ. ಅದೊಂದನ್ನ ತೆಗ್ದಿದ್ರೆ ಎಷ್ಟು ಚೆನ್ನಾಗಿರ್ತಿತ್ತು."

"ತೆಗ್ದಿದ್ದೆ" ಅಂದಳು ಅವಳು. "ನಮ್ಮನೇಲಿದೆ."